ಸಹಾಯ ಬೇಕು: ಹಣದುಬ್ಬರ ಬೇಗ ಇಳಿಸಿದರೂ ನಿಧಾನ ಇಳಿಸಿದರೂ ತ್ಯಾಗದ ಅನುಪಾತ ಒಂದೇನಾ?

ಎರಡು ದಿನದಿಂದ ಒಂದೇ ಲೆಕ್ಕದ ಮುಂದೆ ಕೂತಿದ್ದೀನಿ, ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ. ತ್ಯಾಗದ ಅನುಪಾತ ಅಂದರೆ ಹಣದುಬ್ಬರವನ್ನು ಒಂದು ಅಂಶ ಇಳಿಸಲು ವರ್ಷದ ಉತ್ಪಾದನೆಯಲ್ಲಿ ಎಷ್ಟು ಶೇಕಡಾ ಕಳೆದುಕೊಳ್ಳಬೇಕು ಅನ್ನೋದು. ಹಣದುಬ್ಬರಕ್ಕೂ ನಿರುದ್ಯೋಗಕ್ಕೂ ಇರುವ ನಂಟು ತೋರಿಸುವ, ಕೊಟ್ಟಿರುವ ಫಿಲಿಪ್ಸ್ ರೇಖೆ ಇದು:

```
π = π₋₁ − 0.5(u − 6)
```

ಇಲ್ಲಿ π ಈ ವರ್ಷದ ಹಣದುಬ್ಬರ, π₋₁ ಹೋದ ವರ್ಷದ್ದು, u ನಿರುದ್ಯೋಗ. ಅಂದರೆ ಸಹಜ ನಿರುದ್ಯೋಗ 6%, ಜನ ಹೋದ ವರ್ಷದ ಹಣದುಬ್ಬರವೇ ಈ ವರ್ಷವೂ ಇರುತ್ತೆ ಅಂದುಕೊಳ್ಳುತ್ತಾರೆ. ಹಣದುಬ್ಬರವನ್ನು 10%ರಿಂದ 4%ಗೆ ಇಳಿಸಬೇಕು.

ಒಂದೇ ವರ್ಷದಲ್ಲಿ ಇಳಿಸಿದರೆ ನಿರುದ್ಯೋಗ 18% ಆಗಬೇಕು, ಸಹಜ ಮಟ್ಟಕ್ಕಿಂತ 12 ಅಂಶ ಹೆಚ್ಚು. ನಾಲ್ಕು ವರ್ಷ ತೆಗೆದುಕೊಂಡರೆ ಪ್ರತಿ ವರ್ಷ 9% ಸಾಕು, ಆದರೆ ಮೂರು ನಾಲ್ಕಲೆ ಮತ್ತೆ ಅದೇ 12. ಓಕನ್ ನಿಯಮದಂತೆ ಒಂದು ಅಂಶಕ್ಕೆ 2% ಉತ್ಪಾದನೆ ನಷ್ಟ ಅಂತ ಹಿಡಿದರೆ ಒಟ್ಟು 24%. ಅದನ್ನು 6ರಿಂದ ಭಾಗಿಸಿದರೆ ಅನುಪಾತ 4, ಎರಡೂ ದಾರಿಯಲ್ಲಿ. ಐದು ವರ್ಷ, ಆರು ವರ್ಷ ಹಾಕಿ ನೋಡಿದರೂ ಅಷ್ಟೇ ಬಂತು.

ಆದರೆ ಪಾಠದಲ್ಲಿ, ಕೇಂದ್ರ ಬ್ಯಾಂಕಿನ ಮಾತನ್ನು ಜನ ನಂಬಿದರೆ ಥಟ್ಟನೆ ಇಳಿಸುವುದೇ ಅಗ್ಗ ಅಂತಿದೆ. 18% ನಿರುದ್ಯೋಗ ಅಂದರೆ ಎಷ್ಟು ಮನೆಗಳ ಸಂಬಳ ನಿಂತುಹೋಗುತ್ತೆ ಅಂತ ನೆನೆದರೆ ನನಗೆ ಅದು ಒಪ್ಪಿಗೆಯೇ ಆಗುತ್ತಿಲ್ಲ.

ನನ್ನ ಪ್ರಶ್ನೆ ಇಷ್ಟೇ: ಜನ ನಂಬಿದಾಗ π₋₁ ಜಾಗದಲ್ಲಿ ಹೊಸ ನಿರೀಕ್ಷೆ, ಉದಾಹರಣೆಗೆ 7%, ಹಾಕಬೇಕಾ? ಆಗ ಬೇಕಾದ ನಿರುದ್ಯೋಗ 12%ಗೆ, ಅನುಪಾತ 2ಕ್ಕೆ ಇಳಿಯುತ್ತೆ. ಇದು ಸರಿನಾ, ಇಲ್ಲಾ 0.5 ಅನ್ನೂ ಬದಲಿಸಬೇಕಾ?