ಸ್ಟಾರ್ ಮಾಡಿಟ್ಟ ಮೆಸೇಜ್ ವಾರಕ್ಕೇ ಮಾಯ: ವಾಪಸ್ ತರೋದು ಹೇಗೆ?

ಅಡಿಕೆತೋಟ_ಶಿರಸಿ
ನಮ್ಮ ಕೇರಿಯ ವಾಟ್ಸಾಪ್ ಗ್ರೂಪ್‌ಗೆ ಜೂನ್ 2ರಂದು ಔಷಧಿ ಹೊಡೆಯುವ ಪಾಳಿ ಪಟ್ಟಿ ಬಂದಿತ್ತು. ಕೊನೆಗೌಡರು ಯಾರ ತೋಟಕ್ಕೆ ಯಾವತ್ತು ಬರ್ತಾರೆ ಅಂತ. ಅದರ ಬೆನ್ನಿಗೇ ಹಿರಿಯರೊಬ್ಬರ ವಾಯ್ಸ್ ನೋಟ್, ಮೈಲುತುತ್ತ ಎಷ್ಟು, ಸುಣ್ಣ ಎಷ್ಟು ಅಂತ. ಎರಡಕ್ಕೂ ಸ್ಟಾರ್ ಒತ್ತಿದ್ದೆ ಅಂತಲೇ ನೆನಪು. ಇವತ್ತು 10ನೇ ತಾರೀಕು, ಎರಡೂ ಇಲ್ಲ. ಸ್ಟಾರ್ ಪಟ್ಟಿಯಲ್ಲಿ ಹೋದ ವರ್ಷದ ಮೆಸೇಜ್‌ಗಳು ಮಾತ್ರ ಇವೆ. ಫೋನ್ ತೊಂದರೆಯಾ?

ಕುಮಟಾ_ಬುಲೆಟ್
ಯಾರೋ ಗ್ರೂಪ್‌ಗೆ ಮಾಯವಾಗುವ ಟೈಮರ್ ಹಾಕಿದ್ದಾರೆ, ಮತ್ತೇನಿಲ್ಲ. ವಾಟ್ಸಾಪ್ ತೆಗೆದು ಮತ್ತೆ ಹಾಕ್ಕೊಳ್ಳಿ. 5ನೇ ತಾರೀಕಿನ ಬ್ಯಾಕಪ್ ಇದ್ರೆ ಅದರಲ್ಲಿ ಪಟ್ಟಿ ಇದ್ದೇ ಇರುತ್ತೆ.

ಹೊನ್ನಾವರ_ಸರ್ವಿಸ್
ಟೈಮರ್ ಅಂದದ್ದು ಸರಿ. ಆದ್ರೆ ದಯವಿಟ್ಟು ಆ್ಯಪ್ ತೆಗೀಬೇಡಿ. ಬ್ಯಾಕಪ್‌ನಲ್ಲಿ ಆ ಮೆಸೇಜ್ ಸೇರಿರಬಹುದು, ಆದ್ರೆ ರಿಸ್ಟೋರ್ ಮಾಡುವಾಗ ಅವಧಿ ಮುಗಿದದ್ದು ಅಳಿದುಹೋಗುತ್ತೆ. ಪಟ್ಟಿ ಸಿಗೋದಿಲ್ಲ, 5ರ ನಂತರ ಬಂದದ್ದೂ ಹೋಗುತ್ತೆ.

ಮೊದಲು ಗ್ರೂಪ್‌ನಲ್ಲಿ ಸ್ವಲ್ಪ ಮೇಲೆ ಹೋಗಿ ನೋಡಿ. ಟೈಮರ್ ಹಾಕಿದ ದಿನ ಇಂಥವರು ಹಾಕಿದರು ಅಂತ ಒಂದು ಸಾಲು ನಡುವೆ ಬಂದಿರುತ್ತೆ. 24 ಗಂಟೆ, 7 ದಿನ, 90 ದಿನ, ಮೂರೇ ಆಯ್ಕೆ. ನಿಮ್ಮದು 7 ದಿನ ಇರಬೇಕು. 2ಕ್ಕೆ ಬಂದದ್ದು 9ಕ್ಕೆ ಹೋಯ್ತು, ಲೆಕ್ಕ ಸರಿಯಾಗಿ ಕೂಡುತ್ತೆ. ಟೈಮರ್ ಹಾಕುವ ಮೊದಲು ಬಂದದ್ದಕ್ಕೆ ಅದು ತಾಗೋದಿಲ್ಲ. ಹೋದ ವರ್ಷದ್ದು ಉಳಿದದ್ದು ಅದಕ್ಕೇ.

ಸ್ಟಾರ್ ಅನ್ನೋದು ನಿಮಗೆ ಹುಡುಕೋಕೆ ಒಂದು ಗುರುತು ಅಷ್ಟೇ, ಟೈಮರನ್ನು ಅದು ತಡೆಯೋದಿಲ್ಲ. ತಡೆಯೋದು Keep. ಮೆಸೇಜ್ ಒತ್ತಿ ಹಿಡಿದರೆ ಓದಿದ ಪುಟದ ಗುರುತಿಗೆ ಪುಸ್ತಕದೊಳಗೆ ಇಡುವ ರಿಬ್ಬನ್‌ನಂಥ ಚಿತ್ರ ಕಾಣುತ್ತಲ್ಲ, ಅದು. ಅವಧಿ ಮುಗಿಯೋ ಮೊದಲೇ ಒತ್ತಬೇಕು. ಕಳಿಸಿದವರಿಗೆ ತಿಳಿಯುತ್ತೆ, ಅವರು ಬೇಡ ಅಂದ್ರೆ ತೆಗೆದುಹಾಕಬಹುದು. ಆಮೇಲೆ ಬೇರೆ ಯಾರೂ ಅದನ್ನು ಉಳಿಸೋಕೆ ಬರೋದಿಲ್ಲ.

ಅಡಿಕೆತೋಟ_ಶಿರಸಿ
ಹೌದು, ಮೇ 28ಕ್ಕೆ ಆ ಸಾಲು ಇದೆ. ಅಡ್ಮಿನ್ ಅಲ್ಲ, ಅವರ ಅಳಿಯ ಹಾಕಿದ್ದು! ಆದ್ರೆ ನಾನು ಆ ವಾಯ್ಸ್ ನೋಟ್ ಕೇಳಿದ್ದೇ 7ಕ್ಕೆ. ನಾಲ್ಕೈದು ದಿನ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ನಾನು ಕೇಳಿದ ದಿನದಿಂದ ಏಳು ದಿನ ಅಲ್ವಾ?

ಹೊನ್ನಾವರ_ಸರ್ವಿಸ್
ಅಲ್ಲ, ಕಳಿಸಿದ ಹೊತ್ತಿನಿಂದ. ಮಳೆಗಾಲದಲ್ಲಿ ನಮ್ಮ ಜಿಲ್ಲೆಗೆ ಇದೇ ಪೆಟ್ಟು. ಟವರ್ ಎಂಟು ದಿನ ಮಲಗಿದ್ರೆ 7 ದಿನದ ಮೆಸೇಜ್ ನೀವು ನೋಡೋ ಮೊದಲೇ ಹೋಗುತ್ತೆ.

ಕಾರವಾರ_ಬಂದರು
ಟೈಮರ್ ಬೇಕು ಅಂದ್ರೆ ಟೆಲಿಗ್ರಾಂ ಒಳ್ಳೇದು. ಕಳಿಸೋ ಬಟನ್ ಒತ್ತಿ ಹಿಡಿದು Schedule Message ಕೊಟ್ಟು ದಿನ, ಹೊತ್ತು ಹಾಕಿ. ನಮ್ಮ ಬೋಟಿನ ಹುಡುಗರಿಗೆ ಐಸ್, ಡೀಸೆಲ್ ನೆನಪಿಸೋಕೆ ರಾತ್ರಿಯೇ ಹಾಕಿಟ್ಟು ಮಲಗ್ತೇನೆ. ಬೆಳಗಿನ 4ಕ್ಕೆ ಹೋಗುತ್ತೆ, ನನ್ನ ಫೋನ್ ಆಫ್ ಇದ್ರೂ.

ಕುಮಟಾ_ಬುಲೆಟ್
ಅಣ್ಣಾ, ಅವರು ಕೇಳಿದ್ದು ಮಾಯವಾಗೋ ಟೈಮರ್. ನೀವು ಹೇಳ್ತಿರೋದು ತಡವಾಗಿ ಕಳಿಸೋದು.

ಹೊನ್ನಾವರ_ಸರ್ವಿಸ್
ಇರಲಿ, ಇವರ ಕೆಲಸಕ್ಕೆ ಅದೂ ಆಗುತ್ತೆ. ಟೆಲಿಗ್ರಾಂನಲ್ಲಿ ಮೆಸೇಜ್ ಸರ್ವರ್‌ನಲ್ಲಿ ಕಾಯುತ್ತೆ, ಹಾಗಾಗಿ ಫೋನ್ ಆಫ್ ಇದ್ರೂ ಹೋಗುತ್ತೆ. ಪಾಳಿಯ ಹಿಂದಿನ ಸಂಜೆಗೆ ಪ್ರತಿ ಮನೆಗೂ ಹಾಕಿಡಬಹುದು. ತೆಗೆದುಕೊಳ್ಳುವವರಿಗೆ ನೆಟ್‌ವರ್ಕ್ ಬೇಕು, ಅದು ಬೇರೆ ಮಾತು.

ಅಡಿಕೆತೋಟ_ಶಿರಸಿ
ಕೇರಿಯಲ್ಲಿ ಅರ್ಧ ಜನಕ್ಕೆ ಟೆಲಿಗ್ರಾಂ ಇಲ್ಲ. ಈಗ ಪಟ್ಟಿ ಎಲ್ಲಿ ಹುಡುಕಲಿ?

ಹೊನ್ನಾವರ_ಸರ್ವಿಸ್
ಮೂರು ಕಡೆ ನೋಡಿ. ಪಟ್ಟಿ ಫೋಟೋ ಆಗಿದ್ರೆ, ತಾನಾಗಿ ಡೌನ್‌ಲೋಡ್ ಆಗಿದ್ರೆ ಗ್ಯಾಲರಿಯಲ್ಲಿ ಇರುತ್ತೆ, ಟೈಮರ್ ಅಲ್ಲಿಗೆ ಹೋಗೋದಿಲ್ಲ. ಟೈಪ್ ಮಾಡಿದ್ದಾದ್ರೆ ಅದಕ್ಕೆ ಉತ್ತರ ಕೊಟ್ಟವರ ಮೆಸೇಜ್ ಮೇಲೆ ಹಳೆಯ ಸಾಲು ಕೆಲವೊಮ್ಮೆ ಉಳಿದಿರುತ್ತೆ. ಯಾರಾದ್ರೂ ಟೈಮರ್ ಇಲ್ಲದ ಬೇರೆ ಚಾಟ್‌ಗೆ ಫಾರ್ವರ್ಡ್ ಮಾಡಿದ್ರೆ ಅಲ್ಲಿ ಹಾಗೇ ಇದೆ, ಕೇಳಿ ನೋಡಿ.

ಅಡಿಕೆತೋಟ_ಶಿರಸಿ
ಸಿಕ್ತು! ಪಟ್ಟಿ ಕಾಗದದ ಫೋಟೋ, ಗ್ಯಾಲರಿಯಲ್ಲಿ ಇತ್ತು. ನಮ್ಮ ಮನೆ 14ಕ್ಕೆ. ವಾಯ್ಸ್ ನೋಟ್ ಮಾತ್ರ ಸಿಗಲಿಲ್ಲ.

ಬನವಾಸಿ_ಮಾಸ್ತರು
ಶೇಕಡ 1ರ ಬೋರ್ಡೋ ಆದ್ರೆ 100 ಲೀಟರ್ ನೀರಿಗೆ ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ. ಬೇರೆ ಬೇರೆ ನೀರಲ್ಲಿ ಕರಗಿಸಿ ಆಮೇಲೆ ಕೂಡಿಸಿ. ಇಷ್ಟಕ್ಕೆ ವಾಯ್ಸ್ ನೋಟ್ ಯಾಕೆ? ನಮ್ಮ ಗ್ರೂಪಿನ ಹಿರಿಯರು ಮೊದಲ ಮೂರು ನಿಮಿಷ ಮಳೆ ಎಷ್ಟು ಬಿತ್ತು ಅಂತಲೇ ಹೇಳ್ತಾರೆ. ನಾನಂತೂ 2x ಒತ್ತಿ ಕೇಳೋದು.

ಕಾರವಾರ_ಬಂದರು
2xನಲ್ಲಿ ನನಗೆ ಏನೂ ತಿಳಿಯೋದಿಲ್ಲ, 1.5x ಸಾಕು. ಆ ಬಟನ್ ನೋಟ್ ಶುರುವಾದ ಮೇಲೇ ಕಾಣುತ್ತೆ, ಸುಮ್ನೆ ಹುಡುಕಬೇಡಿ.

ಹೊನ್ನಾವರ_ಸರ್ವಿಸ್
ಮಾತಿಗೆ 2x ಸರಿ. ಕೆಜಿ, ಲೀಟರ್ ಬಂದಾಗ 1xಗೆ ಇಳಿಸಿ, ಹದಿನಾರು ಹದಿನೇಳು ಒಂದೇ ಥರ ಕೇಳುತ್ತೆ. ಇಂಥ ನೋಟ್ ಕೇಳಿದ ಕೂಡಲೇ Keep ಒತ್ತಿ, ಇಲ್ಲ ಅಂದ್ರೆ ನಿಮಗೆ ನೀವೇ ಕಳಿಸಿಕೊಳ್ಳುವ ಚಾಟ್‌ಗೆ ಫಾರ್ವರ್ಡ್ ಮಾಡಿ. ಆ ಚಾಟ್‌ಗೆ ಟೈಮರ್ ಇರಬಾರದು, ಅದನ್ನು ನೋಡಿಕೊಳ್ಳಿ.

ಗ್ರೂಪಿನದ್ದಕ್ಕೆ, ಅಡ್ಮಿನ್ ಹತ್ರ Group permissions ಒಳಗೆ Edit group settings ಅಡ್ಮಿನ್‌ಗೆ ಮಾತ್ರ ಅಂತ ಮಾಡೋಕೆ ಹೇಳಿ. ಆಮೇಲೆ ಅಳಿಯ ಮುಟ್ಟೋಕೆ ಆಗೋದಿಲ್ಲ.

ಅಡಿಕೆತೋಟ_ಶಿರಸಿ
ಹೇಳಿದೆ. ಜಾಗ ತುಂಬುತ್ತೆ, ಟೈಮರ್ ಇರಲಿ ಅಂತಾರೆ ಅಡ್ಮಿನ್. 90 ದಿನ ಮಾಡಿ ಅಂತ ಕೇಳ್ತಿದ್ದೇವೆ, ಅಳಿಯ ಒಪ್ಪಿಲ್ಲ.