ಮೂರು ಅಲಾರಾಂ ಸಾಕಾಗಲ್ಲ ಪುಟ್ಟಿ, ಆ ಏಳನೇ ಸಾಲು ನೋಡು

«ಅತ್ತೆ, ಅಪ್ಪನ್ನ ಮನೆಗೆ ಕರ್ಕೊಂಡು ಬಂದ್ವಿ. ಡಿಸ್ಚಾರ್ಜ್ ಶೀಟ್ ಫೋಟೋ ಹಾಕಿದ್ದೀನಿ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಅಂತ ಮೂರು ಕಾಲಂ, ಎಂಟು ಔಷಧಿ. ಫೋನಲ್ಲಿ ಮೂರು ಅಲಾರಾಂ ಇಟ್ಟುಬಿಟ್ಟರೆ ಸಾಕಾ? ಏನಾದರೂ ತಪ್ಪಾದರೆ ಅಂತ ಭಯ ಆಗ್ತಿದೆ.»

ಪುಟ್ಟಿ, ಫೋಟೋ ದೊಡ್ಡದು ಮಾಡಿ ನೋಡಿದೆ. ಮೂರು ಅಲಾರಾಂ ಅಂದ ಕೂಡಲೇ ನನಗೆ ಎದೆ ಝಲ್ ಅಂತು. ಏಳನೇ ಸಾಲು ನೋಡಿದೆಯಾ? ವಿಟಮಿನ್ ಡಿ, ಅರವತ್ತು ಸಾವಿರ ಯೂನಿಟ್ಟಿನದ್ದು. ಬೆಳಿಗ್ಗೆ ಕಾಲಂನಲ್ಲಿ ಎಲ್ಲದರ ಹಾಗೆ 1 ಅಂತಲೇ ಇದೆ. ಬಲಗಡೆ ತುದಿಯಲ್ಲಿ, ಸೀಲ್ ಬಿದ್ದಿರುವ ಕಡೆ, ಚಿಕ್ಕದಾಗಿ ವಾರಕ್ಕೊಮ್ಮೆ, ಎಂಟು ವಾರ ಅಂತ ಇಂಗ್ಲಿಷಿನಲ್ಲಿ ಗೀಚಿದ್ದಾರೆ. ಅದು ಕಣ್ಣಿಗೆ ಬಿತ್ತಾ? ಆ ಮೂರು ಕಾಲಂಗೆ ಹೊತ್ತು ಗೊತ್ತು, ವಾರ ಗೊತ್ತಿಲ್ಲ. ವಾರದ ಮಾತ್ರೆಯನ್ನ ದಿನದ ಪಟ್ಟಿಗೆ ಸೇರಿಸಬೇಡ. ಮಿಕ್ಕಿದ್ದು ಆಮೇಲೆ.

ನಮ್ಮ ಶಿಡ್ಲಘಟ್ಟದ ಅಕ್ಕನಿಗೆ ಆಗಿದ್ದು ಇದೇ. ನೀನು ಆಗ ಹೈಸ್ಕೂಲು. ನಿನಗೆ ಹೇಳಿರೋದು ಅರ್ಧ ಮಾತ್ರ ಇರಬೇಕು. ಅಕ್ಕನ ಕೈಬೆರಳ ಗೆಣ್ಣು ಊದಿಕೊಂಡು, ಬೆಳಿಗ್ಗೆ ಎದ್ದರೆ ಲೋಟ ಹಿಡಿಯೋಕೆ ಆಗ್ತಿರಲಿಲ್ಲ. ಮುದ್ದೆ ತೊಳಸೋದು ದೂರದ ಮಾತು. ಸಂಧಿವಾತ ಅಂತ ಹೇಳಿ ಮೆಥೊಟ್ರೆಕ್ಸೇಟ್ ಏಳೂವರೆ ಮಿಲಿಗ್ರಾಂ ಬರೆದುಕೊಟ್ಟರು. ವಾರಕ್ಕೆ ಒಂದೇ ದಿನ, ಒಂದೇ ಮಾತ್ರೆ. ಜೊತೆಗೆ ಫೋಲಿಕ್ ಆಸಿಡ್, ಅದನ್ನ ಬೇರೆ ದಿನ ತಗೋಬೇಕು. ಚೀಟಿಯಲ್ಲಿ ಎರಡಕ್ಕೂ 1-0-0, ಅಂದರೆ ಬೆಳಿಗ್ಗೆ ಮಾತ್ರ ಒಂದು. ದಿನ ಯಾವುದು ಅನ್ನೋದು ಪಕ್ಕದಲ್ಲಿ ಗೀಚಿದ್ದು.

ಅವರ ಮನೆ ಹುಡುಗ ಒಳ್ಳೆ ಮನಸ್ಸಿನಿಂದಲೇ ಮಾಡಿದ. ಚೀಟಿ ಮಡಚಿ ಮಡಚಿ ಹರಿಯುತ್ತೆ ಅಂತ ದಪ್ಪ ರಟ್ಟಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದು ಗೋಡೆಗೆ ನೇತುಹಾಕಿದ. ಮೂರು ಕಾಲಂ, ಗೆರೆ ಎಲ್ಲ ಸ್ಕೇಲ್ ಹಿಡಿದು ಎಳೆದದ್ದು. ನೋಡಿದರೆ ಮೆಚ್ಚಬೇಕು, ಹಾಗಿತ್ತು. ಆದರೆ ಪಕ್ಕದ ಗೀಚು ಮಾತ್ರ ರಟ್ಟಿಗೆ ಬರಲೇ ಇಲ್ಲ. ಮೇಲಾಗಿ ಆ ಎರಡು ಮಾತ್ರೆಯೂ ಪುಟ್ಟದು, ಎರಡೂ ಹಳದಿ. ಅಕ್ಕನಿಗೆ ಕನ್ನಡಕ ಹಾಕಿದರೂ ವ್ಯತ್ಯಾಸ ತಿಳಿಯದು. ದಿನಾ ಬೆಳಿಗ್ಗೆ ಎರಡನ್ನೂ ನುಂಗಿದಳು. ರೇಷ್ಮೆ ಹುಳುವಿಗೆ ಸೊಪ್ಪು ಹಾಕುವ ಹೊತ್ತನ್ನ ತಪ್ಪಿಸದ ಮನೆ ಅದು. ಮಾತ್ರೆಯನ್ನೂ ಒಂದು ದಿನ ತಪ್ಪಿಸಲಿಲ್ಲ.

ಮೊದಲು ಬಂದಿದ್ದು ಬಾಯಿ ಹುಣ್ಣು. ಉಷ್ಣ ಆಗಿದೆ ಅಂತ ಮಜ್ಜಿಗೆ ಕೊಟ್ಟರು, ತುಪ್ಪ ಸವರಿದರು. ಆಮೇಲೆ ಗಂಜಿಯೂ ಇಳಿಯಲಿಲ್ಲ. ಭೇದಿ ಶುರುವಾಯ್ತು, ಜ್ವರ ಬಂತು, ಮೊಣಕೈ ಹತ್ತಿರ ಪೆಟ್ಟು ಬೀಳದೇನೇ ನೀಲಿ ಕಲೆ. ನನಗೆ ಫೋನ್ ಬಂದಿದ್ದು ಆಗ. ಚಿಂತಾಮಣಿಯಿಂದ ಹೋಗಿ ಗೋಡೆಯ ರಟ್ಟು ನೋಡಿದೆ, ಡಬ್ಬಿಯೊಳಗಿದ್ದ ಹಳೇ ಚೀಟಿ ನೋಡಿದೆ, ಅಲ್ಲೇ ಕೂತುಬಿಟ್ಟೆ. ರಕ್ತ ಪರೀಕ್ಷೆಯಲ್ಲಿ ಬಿಳಿ ಕಣವೂ ಬಿದ್ದಿತ್ತು, ಪ್ಲೇಟ್‌ಲೆಟ್ಟೂ ಬಿದ್ದಿತ್ತು.

ಯಾಕೆ ಹೀಗಾಗುತ್ತೆ ಅಂದರೆ, ಆ ಔಷಧಿ ಮೈಯಲ್ಲಿ ಫೋಲಿಕ್ ಆಸಿಡ್ ಕೆಲಸ ಮಾಡೋದನ್ನ ತಡೆಯುತ್ತೆ. ಬೇಗ ಬೇಗ ಹೊಸದಾಗಿ ಹುಟ್ಟುವ ಕಡೆಗೆ ಏಟು ಜಾಸ್ತಿ: ಬಾಯಿಯ ಒಳಪದರ, ಕರುಳು, ರಕ್ತ ಹುಟ್ಟುವ ಮೂಳೆಯ ಮಜ್ಜೆ. ವಾರಕ್ಕೊಮ್ಮೆ ಆದರೆ ನಡುವಿನ ಆರು ದಿನದಲ್ಲಿ ಮೈ ಸುಧಾರಿಸಿಕೊಳ್ಳುತ್ತೆ. ದಿನಾ ಬಿದ್ದರೆ ಎಲ್ಲಿಂದ ಸುಧಾರಿಸುತ್ತೆ? ಮಾತ್ರೆ ಚಿಕ್ಕದು, ಪ್ರಮಾಣ ಚಿಕ್ಕದು ಅನ್ನೋ ಸಮಾಧಾನ ಇಲ್ಲಿ ನಡೆಯಲ್ಲ, ಇದರಿಂದ ಜೀವ ಹೋದವರಿದ್ದಾರೆ. ಅಕ್ಕನಿಗೆ ಆ ತಡೆಯನ್ನ ದಾಟಿ ಕೆಲಸ ಮಾಡುವ ಫೋಲಿನಿಕ್ ಆಸಿಡ್ ಇಂಜೆಕ್ಷನ್ ಕೊಟ್ಟರು, ಬೇರೆಯವರ ಸೋಂಕು ತಗುಲದ ಹಾಗೆ ಒಂಟಿ ರೂಮಿನಲ್ಲಿ ಇಟ್ಟರು. ಉಳಿದುಕೊಂಡಳು.

ಇಷ್ಟಕ್ಕೂ ಆ ಚೀಟಿಯನ್ನ ಕೈಗೆ ಕೊಟ್ಟವರು ಬಾಯಿ ಬಿಟ್ಟು ಒಂದು ಮಾತು ಹೇಳಬಹುದಿತ್ತು, ಅಮ್ಮಾ ಇದು ವಾರಕ್ಕೊಂದು ಅಂತ. ಬಿಲ್ಲಿನ ಕೌಂಟರಿನಲ್ಲಿ ನೂಕುನುಗ್ಗಲು, ಆ ಗದ್ದಲದಲ್ಲೇ ಕಾಗದ ತುರುಕಿ ಕಳಿಸ್ತಾರೆ. ಮೆಡಿಕಲ್ ಶಾಪಿನವರು ಸ್ಟ್ರಿಪ್ಪನ್ನ ಕತ್ತರಿಸಿ ಕೊಟ್ಟಾಗ ಹೆಸರಿದ್ದ ಭಾಗ ಅವರ ಹತ್ತಿರವೇ ಉಳಿಯುತ್ತೆ.

ಆಸ್ಪತ್ರೆಯವರ ಮಾತು ಬಿಡು, ನಮ್ಮವರೇ ಏನು ಕಡಿಮೆ? ಅಕ್ಕನ ಜೊತೆ ರಾತ್ರಿ ಕೂತವಳು ಯಾರು? ಬೆಂಗಳೂರಿನವರು ಭಾನುವಾರ ಕಾರಿನಲ್ಲಿ ಬಂದರು, ಒಂದು ಚೀಲ ಸೇಬು ತಂದರು. ಬಾಯಿ ತುಂಬ ಹುಣ್ಣಾದವಳಿಗೆ ಸೇಬು! ಕೊನೆಗೆ ಅದನ್ನ ಪಕ್ಕದ ರೂಮಿನವರ ಮಕ್ಕಳಿಗೆ ಹಂಚಿದೆ. ಗೃಹಪ್ರವೇಶದ ದಿನ ಇದೇ ಗ್ರೂಪಿನ ಒಬ್ಬರು ನನ್ನ ಎದುರಿಗೇ ಅಂದರು, «ಅತ್ತೆ ನರ್ಸ್ ಆಗಿದ್ದವರಲ್ವಾ, ರಾತ್ರಿ ನಿದ್ದೆಗೆಡೋದು ಅಭ್ಯಾಸ» ಅಂತ. ಅಭ್ಯಾಸ ಇದ್ದರೆ ನಿದ್ದೆ ಬರಲ್ವಾ? ದಿನಾ ಬೆಳಿಗ್ಗೆ ಗುಲಾಬಿ ಹೂವಿನ ಶುಭೋದಯ ಕಳಿಸೋಕೆ ಎಲ್ಲರಿಗೂ ಪುರುಸೊತ್ತಿದೆ. ಈಗ ಪುಟ್ಟಿ ಕೇಳಿ ಒಂದು ಗಂಟೆ ಆಯ್ತು, ಕೈ ಮುಗಿಯೋ ಗೊಂಬೆ ಬಿಟ್ಟು ಇನ್ನೊಂದು ಉತ್ತರ ಇಲ್ಲ. ಇರಲಿ. ಹೇಳಿದರೆ ನಾನೇ ಕೆಟ್ಟವಳು.

ಮತ್ತೊಂದು ಸಲ ಹೇಳ್ತೀನಿ ಪುಟ್ಟಿ. ವಾರದ ಮಾತ್ರೆಯನ್ನ ದಿನದ ಪಟ್ಟಿಗೆ ಹಾಕಬೇಡ. ಅಪ್ಪನದ್ದು ವಿಟಮಿನ್ ತಾನೇ, ಅಕ್ಕನಿಗೆ ಬರೆದ ಔಷಧಿ ಅಲ್ಲವಲ್ಲ ಅಂತ ಅಂದುಕೊಳ್ಳಬೇಡ. ಅರವತ್ತು ಸಾವಿರದ್ದನ್ನ ದಿನಾ ತಗೊಳ್ತಾ ಹೋದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತೆ. ವಾಂತಿ, ಮಲಬದ್ಧತೆ, ವಿಪರೀತ ಬಾಯಾರಿಕೆ, ಮಾತು ಗೊಂದಲ ಆಗೋದು, ಕಿಡ್ನಿಗೂ ಪೆಟ್ಟು. ವಯಸ್ಸಾದವರಲ್ಲಿ ಇದನ್ನೆಲ್ಲ ವಯಸ್ಸಿಗೇ ಲೆಕ್ಕ ಹಾಕಿಬಿಡ್ತಾರೆ.

ಅಯ್ಯೋ, ನೀನು ಕೇಳಿದ್ದು ಪಟ್ಟಿ ಮಾಡೋದು ಹೇಗೆ ಅಂತ ಅಲ್ವಾ. ತಡಿ.

ಫೋನ್ ಮುಟ್ಟಬೇಡ, ಮೊದಲು ಕಾಗದ ತಗೋ. ಚೀಟಿಯಲ್ಲಿ ಬಲಗಡೆಯ ಗೀಚಿನಿಂದ ಶುರು ಮಾಡು, ಮಾತ್ರೆಯ ಹೆಸರಿನಿಂದಲ್ಲ. ದಿನಾ ಅಲ್ಲದ್ದನ್ನ ಮೊದಲು ಆಚೆ ಇಡು. ಅಪ್ಪನ ಎಂಟರಲ್ಲಿ ಎರಡು ಆಚೆ ಹೋಗುತ್ತೆ. ಒಂದು ವಿಟಮಿನ್ ಡಿ. ಇನ್ನೊಂದು ಪ್ಯಾರಾಸಿಟಮಾಲ್ 650, ಅದರ ಮುಂದೆ ಎಸ್ಓಎಸ್ ಅಂತ ಇದೆ, ಅಂದರೆ ನೋವೋ ಜ್ವರವೋ ಇದ್ದಾಗ ಮಾತ್ರ. ಅದಕ್ಕೆ ಅಲಾರಾಂ ಬೇಡವೇ ಬೇಡ. ಕೊಟ್ಟಾಗ ಗಂಟೆ ಬರೆದಿಡು, ಇನ್ನೊಂದು ಕೊಡೋಕೆ ಆರು ಗಂಟೆಯಾದರೂ ಕಳೆಯಲಿ.

ಉಳಿದ ಆರರಲ್ಲಿ ಬೆಳಿಗ್ಗೆಗೆ ಬರೋದು ಮೂರು. ಆದರೆ ಅವು ಒಟ್ಟಿಗೆ ನುಂಗೋದಲ್ಲ. ಥೈರಾಯ್ಡ್ ಮಾತ್ರೆ ಎದ್ದ ಕೂಡಲೇ, ಬರೀ ನೀರಿನಲ್ಲಿ. ಕಾಫಿ ಅರ್ಧ ಮುಕ್ಕಾಲು ಗಂಟೆ ಆದಮೇಲೆ. ನಿಮ್ಮಪ್ಪ ಗೊಣಗ್ತಾನೆ, ಗೊಣಗಲಿ. ಗ್ಯಾಸಿನ ಮಾತ್ರೆ ಪ್ಯಾಂಟೊಪ್ರಜೋಲ್ ತಿಂಡಿಗೆ ಅರ್ಧ ಗಂಟೆ ಮುಂಚೆ. ಸಕ್ಕರೆ ಮಾತ್ರೆ 1-0-1, ಊಟಕ್ಕೆ ಮುಂಚೆ ಅಂತ ಇದೆ. ಅದರಲ್ಲಿ ಗ್ಲಿಮೆಪಿರೈಡ್ ಸೇರಿದೆ. ಹಾಗಾಗಿ ತಟ್ಟೆ ಮುಂದೆ ಬಂದ ಮೇಲೆ ಕೊಡು. ಎಂಟಕ್ಕೆ ಅಲಾರಾಂ ಹೊಡೀತು ಅಂತ ಮಾತ್ರೆ ನುಂಗಿ, ತಿಂಡಿ ಆಮೇಲೆ ತಿಂತೀನಿ ಅಂತ ಟೊಮೆಟೊ ತೋಟಕ್ಕೆ ಹೋದನೋ, ಸಕ್ಕರೆ ಇಳಿದು ಬೆವರು, ನಡುಕ, ಕಣ್ಣು ಕತ್ತಲೆ. ಆ ಅಲಾರಾಂಗೆ ‘ಎಂಟು ಗಂಟೆ’ ಅಂತ ಹೆಸರಿಡಬೇಡ, ‘ಇಡ್ಲಿ ಬಡಿಸಿ, ಆಮೇಲೆ ಸಕ್ಕರೆ ಮಾತ್ರೆ’ ಅಂತ ಇಡು. ಊಟ ಮಾಡದ ಹೊತ್ತಿನಲ್ಲಿ ಅದನ್ನ ಕೊಡಬೇಡ, ಡಾಕ್ಟರನ್ನ ಕೇಳು.

ಮಧ್ಯಾಹ್ನ ಊಟ ಆದಮೇಲೆ ಆಸ್ಪಿರಿನ್ 75, ಕ್ಯಾಲ್ಸಿಯಂ. ಎಲ್ಲ ಬೆಳಿಗ್ಗೆಯೇ ಮುಗಿಸೋಣ ಅಂತ ಕ್ಯಾಲ್ಸಿಯಂನ ಮುಂದಕ್ಕೆ ತಳ್ಳಬೇಡ. ಅದು ಥೈರಾಯ್ಡ್ ಮಾತ್ರೆಯನ್ನ ಮೈಗೆ ಹತ್ತೋಕೆ ಬಿಡಲ್ಲ, ನಾಲ್ಕು ಗಂಟೆ ಅಂತರ ಬೇಕು. ರಾತ್ರಿ ಊಟಕ್ಕೆ ಮುಂಚೆ ಇನ್ನೊಂದು ಸಕ್ಕರೆ ಮಾತ್ರೆ, ಊಟ ಆದಮೇಲೆ ಕೊಬ್ಬಿನದ್ದು, ಅಟೊರ್ವಾಸ್ಟಾಟಿನ್. ಹೀಗೆ ನೋಡಿದರೆ ಮೂರು ಕಾಲಂ ಆರು ಅಲಾರಾಂ ಆಯ್ತು.

ಈಗ ಕೂಡಿ ನೋಡು. ಬೆಳಿಗ್ಗೆ ಮೂರು, ಮಧ್ಯಾಹ್ನ ಎರಡು, ರಾತ್ರಿ ಎರಡು, ಒಟ್ಟು ಏಳು. ನಿನ್ನ ಪಟ್ಟಿಯಲ್ಲೂ ಏಳೇ ಬರಬೇಕು. ಬೆಳಿಗ್ಗೆ ನಾಲ್ಕು ಬಂತು ಅಂದರೆ ವಿಟಮಿನ್ ಡಿ ಒಳಗೆ ನುಸುಳಿದೆ ಅಂತ ಅರ್ಥ. ಅಲಾರಾಂ ಹೊಡೆದರೆ ನುಂಗಿದ ಹಾಗಲ್ಲ, ನುಂಗಿದ ಮೇಲೆ ಕಾಗದದಲ್ಲಿ ಟಿಕ್ ಹಾಕು. ಇಲ್ಲಾಂದರೆ ಅಮ್ಮ ಒಂದು ಸಲ, ನೀನೊಂದು ಸಲ ಕೊಡ್ತೀರ. ಒಂದು ಹೊತ್ತಿನದು ತಪ್ಪಿದರೆ ಮುಂದಿನ ಹೊತ್ತಿಗೆ ಎರಡು ಕೊಡಬೇಡ.

ವಾರದ್ದಕ್ಕೆ ನಾವು ವಾರ್ಡಿನಲ್ಲಿ ಮಾಡ್ತಿದ್ದ ಹಾಗೆ ಮಾಡು. ಬೇರೆ ಹಾಳೆಯಲ್ಲಿ ಏಳು ದಿನದ ಖಾನೆ ಎಳೆದು, ಆರಕ್ಕೆ ಅಡ್ಡಗೆರೆ ಹೊಡಿ, ಒಂದನ್ನೇ ಖಾಲಿ ಬಿಡು. ಖಾಲಿ ಖಾನೆ ಇಲ್ಲದ ದಿನ ಯಾರೂ ಕೊಡೋಕೆ ಆಗಲ್ಲ. ಫೋನಿನಲ್ಲೂ ಆ ಅಲಾರಾಂಗೆ ಒಂದೇ ದಿನ ಒತ್ತು, ಏಳನ್ನೂ ಒತ್ತಬೇಡ. ಎಂಟು ವಾರ ಆದಮೇಲೆ ಫೋನು ತಾನಾಗಿ ನಿಲ್ಲಲ್ಲ, ಹೊಡೀತಾನೇ ಇರುತ್ತೆ. ಕೊನೆಯ ತಾರೀಖನ್ನ ಗೋಡೆ ಕ್ಯಾಲೆಂಡರಿನಲ್ಲಿ ಈಗಲೇ ಸುತ್ತು ಹಾಕಿಡು. ಆ ಮಾತ್ರೆಯ ಸ್ಟ್ರಿಪ್ಪನ್ನ ದಿನದ ಡಬ್ಬಿಯಲ್ಲಿ ಇಡಬೇಡ, ದೇವರ ಮನೆ ಕಪಾಟಿನಲ್ಲಿ ಇಡು.

ದಿನ ಗೊತ್ತು ಮಾಡೋ ಮುಂಚೆ ಇನ್ನೊಂದು ಕೆಲಸ. ಈ ವಾರದ್ದನ್ನ ಆಸ್ಪತ್ರೆಯಲ್ಲೇ ಕೊಟ್ಟಿದ್ದಾರಾ, ಕೊಟ್ಟಿದ್ದರೆ ಯಾವ ದಿನ, ಅಂತ ವಾರ್ಡಿಗೆ ಫೋನ್ ಮಾಡಿ ಕೇಳು. ಡಿಸ್ಚಾರ್ಜ್ ಶೀಟಿನಲ್ಲೇ ನಂಬರ್ ಇರುತ್ತೆ. ಅವರು ಹೇಳಿದ ದಿನದಿಂದ ಏಳು ಎಣಿಸಿ ಖಾಲಿ ಖಾನೆ ಬಿಡು. ಬರೆದ ಪಟ್ಟಿಯ ಜೊತೆ ಚೀಟಿ ಇಟ್ಟು ಒಂದೇ ಫೋಟೋದಲ್ಲಿ ತೆಗೆದು ನನಗೆ ಕಳಿಸು, ಗ್ರೂಪಿಗಲ್ಲ, ನನ್ನ ನಂಬರಿಗೆ.