ರೆಪೊ 1.25 ಇಳಿದರೂ ಗೃಹಸಾಲದ ಇಎಂಐ ಒಂದು ರೂಪಾಯಿಯೂ ಇಳಿದಿಲ್ಲ, ದುಡ್ಡು ಎಲ್ಲಿ ಹೋಯಿತು?

ತುಮಕೂರು_ಹೊಸಮನೆ
2023ರ ಮಾರ್ಚ್‌ನಲ್ಲಿ ಬ್ಯಾಂಕಿನಿಂದ 30 ಲಕ್ಷ ಗೃಹಸಾಲ ತೆಗೆದುಕೊಂಡೆ, 20 ವರ್ಷಕ್ಕೆ. ಆರ್‌ಬಿಐ ಬ್ಯಾಂಕುಗಳಿಗೆ ಸಾಲ ಕೊಡುವ ರೆಪೊ ದರ 6.50, ಅದರ ಮೇಲೆ ಬ್ಯಾಂಕು ಸೇರಿಸುವ ಸ್ಪ್ರೆಡ್ 3.00, ಒಟ್ಟು ಶೇಕಡಾ 9.50. ಇಎಂಐ 27,964. ಮೊದಲ ಕಂತು ಏಪ್ರಿಲ್ 2023ರಲ್ಲಿ ಹೋಗಿದೆ, ಡಿಸೆಂಬರ್ 2025ಕ್ಕೆ 33 ಕಂತು ಮುಗಿದಿವೆ. 2025ರಲ್ಲಿ ರೆಪೊ 6.50ರಿಂದ 5.25ಕ್ಕೆ ಬಂದಿದೆ, ಆದರೂ ಈ ಜನವರಿಯಲ್ಲೂ ಖಾತೆಯಿಂದ ಹೋದದ್ದು ಅದೇ 27,964. ಆ್ಯಪ್‌ನಲ್ಲಿ ಡಿಸೆಂಬರ್ ಕೊನೆಯ ಬಾಕಿ ಕಂತು 207 ಅಂತಲೇ ತೋರಿಸುತ್ತಿದೆ. ಕಂತೂ ಇಳಿದಿಲ್ಲ, ಅವಧಿಯೂ ಇಳಿದಿಲ್ಲ ಅಂದರೆ ಏನರ್ಥ? ಡಿಸೆಂಬರ್ 31ಕ್ಕೆ ಅಸಲು ಬಾಕಿ 28,25,341.

ಮಂಜು_ಹಾಸನ
ಗಾಬರಿ ಬೇಡ ಸರ್. ಬಡ್ಡಿ ಇಳಿದಾಗ ಕಂತು ಹಾಗೇ ಇಟ್ಟು ಅವಧಿ ಇಳಿಸಬೇಕು ಅಂತ ಆರ್‌ಬಿಐ ಆದೇಶವೇ ಇದೆ. ಕಂತು ಇಳಿಸಿ ಅಂತ ಕೇಳಲು ಬರುವುದಿಲ್ಲ. ಕೇಳಲೂಬೇಡಿ, ಅವಧಿ ಇಳಿಯುವುದೇ ನಮಗೆ ಲಾಭ.

ಅಸಲು_ಬಡ್ಡಿ
ಲಾಭದ ಮಾತು ಬಹುಮಟ್ಟಿಗೆ ಸರಿ, ಆದೇಶದ ಮಾತು ಸರಿಯಲ್ಲ. ಅದಕ್ಕೆ ಆಮೇಲೆ ಬರುತ್ತೇನೆ. ಹೊಸಮನೆಯವರೇ, ಇಳಿದ ದರ ನಿಮ್ಮ ಖಾತೆಗೆ ನಿಜವಾಗಿ ಬಂದಿದೆಯೇ ಅನ್ನುವುದನ್ನು ಮೊದಲು ನೋಡಿ. ಆ್ಯಪ್‌ನ ಮುಖಪುಟ ಬಿಟ್ಟು ಸಾಲದ ಖಾತೆಯ ಸ್ಟೇಟ್‌ಮೆಂಟ್ ತೆಗೆಯಿರಿ. ಜನವರಿ ತಿಂಗಳಿಗೆ ಬಡ್ಡಿ ಅಂತ ಎಷ್ಟು ಡೆಬಿಟ್ ಹಾಕಿದ್ದಾರೆ?

ತುಮಕೂರು_ಹೊಸಮನೆ
ಜನವರಿ 31ಕ್ಕೆ ಬಡ್ಡಿ 19,797.

ಅಸಲು_ಬಡ್ಡಿ
ಹಾಗಾದರೆ ದರ ಬಂದಿದೆ. ನಿಮ್ಮ ಬ್ಯಾಂಕು ದಿನದ ಲೆಕ್ಕದಲ್ಲಿ ಬಡ್ಡಿ ಹಾಕುತ್ತದೆ. 28,25,341ಕ್ಕೆ 8.25ರಂತೆ ವರ್ಷದ ಬಡ್ಡಿ 2,33,091. ಅದನ್ನು 365ರಿಂದ ಭಾಗಿಸಿ 31ರಿಂದ ಗುಣಿಸಿದರೆ 19,797 ಬರುತ್ತದೆ. ಡಿಸೆಂಬರ್ ತನಕ ಇದ್ದ 8.50 ಹಾಗೇ ಉಳಿದಿದ್ದರೆ 20,397 ಆಗುತ್ತಿತ್ತು. ಫೆಬ್ರವರಿಯಲ್ಲಿ 28 ದಿನ, ಆ ತಿಂಗಳು ಬಡ್ಡಿ ಸುಮಾರು ಎರಡು ಸಾವಿರ ಕಡಿಮೆ ಕಾಣುತ್ತದೆ. ಅದನ್ನು ನೋಡಿ ದರ ಮತ್ತೆ ಇಳಿಯಿತು ಅಂದುಕೊಳ್ಳಬೇಡಿ.

ರೆಪೊ ಇಳಿದ ದಿನವೇ ನಿಮ್ಮ ದರ ಇಳಿಯುವುದಿಲ್ಲ. ರೆಪೊಗೆ ಕಟ್ಟಿದ ಸಾಲದಲ್ಲಿ ಕನಿಷ್ಠ ಮೂರು ತಿಂಗಳಿಗೊಮ್ಮೆ ರೀಸೆಟ್, ಅಂದರೆ ದರವನ್ನು ಹೊಸ ರೆಪೊಗೆ ಹೊಂದಿಸುವುದು, ಆಗಬೇಕು, ಆ ತಾರೀಖು ಸ್ಯಾಂಕ್ಷನ್ ಲೆಟರ್‌ನಲ್ಲಿರುತ್ತದೆ. ನಿಮ್ಮದು ತ್ರೈಮಾಸಿಕದ ಒಂದನೇ ತಾರೀಖು ಅಂತಿಟ್ಟುಕೊಂಡರೆ ಫೆಬ್ರವರಿ 2025ರ ಇಳಿಕೆ ಏಪ್ರಿಲ್ 1ಕ್ಕೆ, ಏಪ್ರಿಲ್ ಮತ್ತು ಜೂನ್‌ನವು ಎರಡೂ ಸೇರಿ ಜುಲೈ 1ಕ್ಕೆ, ಡಿಸೆಂಬರ್‌ನದು ಜನವರಿ 1ಕ್ಕೆ ಬಂದಿವೆ. ಅಂದರೆ 9.50, 9.25, 8.50, 8.25.

ದುಡ್ಡು ಎಲ್ಲಿ ಹೋಯಿತು ಅಂದರೆ, ಅಸಲಿಗೆ ಹೋಗಿದೆ. ಕಂತು ಅದೇ, ಬಡ್ಡಿಯ ಪಾಲು ಸಣ್ಣದಾಗಿ ಅಸಲಿನ ಪಾಲು ದೊಡ್ಡದಾಗಿದೆ. ಆ್ಯಪ್‌ನ 207 ಅನ್ನುವುದು 240ರಲ್ಲಿ 33 ಕಳೆದ ಬರಿ ಲೆಕ್ಕ, ಹಳೆಯ ಪಟ್ಟಿ. ನಿಜವಾಗಿ ಉಳಿದ ಕಂತು ತಿಳಿಯಲು ಸ್ಪ್ರೆಡ್‌ಶೀಟ್‌ನಲ್ಲಿ ಇದನ್ನು ಹಾಕಿ:

```
=NPER(8.25%/12, -27964, 2825341)
=PMT(8.25%/12, 207, -2825341)
```

ಮೊದಲ ಸಾಲಿಗೆ 173.13 ಬರುತ್ತದೆ. 173 ಪೂರ್ತಿ ಕಂತು, ಕೊನೆಯದೊಂದು ಚಿಕ್ಕದು. 207ರ ಜಾಗದಲ್ಲಿ 174, ಎರಡೂಮುಕ್ಕಾಲು ವರ್ಷ ಕಡಿಮೆ. ಎರಡನೇ ಸಾಲು ಅವಧಿಯನ್ನು 207ರಲ್ಲೇ ಇಟ್ಟರೆ ಕಂತು ಎಷ್ಟಾಗುತ್ತದೆ ಅಂತ ಹೇಳುತ್ತದೆ: 25,630. ತಿಂಗಳಿಗೆ 2,334 ಉಳಿತಾಯ.

ಗಣೇಶ್_ಕಾರು
ನನ್ನದೂ ಇದೇ ಗೋಳು. ಕಾರ್ ಸಾಲ 2024ರದು, 9.1. ರೆಪೊ ಇಳಿದರೂ ಕಂತು ಹಾಗೇ ಇದೆ. ನಾನೂ ಬ್ಯಾಂಕಿಗೆ ಅರ್ಜಿ ಕೊಡಬಹುದಾ?

ಅಸಲು_ಬಡ್ಡಿ
ಸ್ಯಾಂಕ್ಷನ್ ಲೆಟರ್‌ನಲ್ಲಿ "ಫಿಕ್ಸೆಡ್" ಅಂತಿದೆಯಾ ನೋಡಿ. ಕಾರ್ ಸಾಲಗಳಲ್ಲಿ ಹೆಚ್ಚಿನವು ಸ್ಥಿರ ದರದವು. ಹಾಗಿದ್ದರೆ ರೀಸೆಟ್ ಅನ್ನುವುದೇ ಇಲ್ಲ, ರೆಪೊ ಏರಿದ್ದರೂ ನಿಮಗೆ ತಟ್ಟುತ್ತಿರಲಿಲ್ಲ. ಈ ಚರ್ಚೆ ದರ ಏರಿಳಿಯುವ ಫ್ಲೋಟಿಂಗ್ ಸಾಲದ್ದು.

ಈಗ ಮಂಜು ಅವರ ಮಾತಿಗೆ. ಇಎಂಐ ಇರುವ ಫ್ಲೋಟಿಂಗ್ ಸಾಲಗಳ ರೀಸೆಟ್ ಬಗ್ಗೆ 18 ಆಗಸ್ಟ್ 2023ರ ಆರ್‌ಬಿಐ ಸುತ್ತೋಲೆ ಇದೆ, ಹಳೆಯ ಸಾಲಗಳಿಗೂ ಅನ್ವಯ. ಅದರಲ್ಲಿ ಸಾಲಗಾರನಿಗೆ ಕೊಟ್ಟ ಆಯ್ಕೆ ಇಷ್ಟು: ಕಂತು ಏರಿಸುವುದೋ, ಅವಧಿ ಉದ್ದ ಮಾಡುವುದೋ, ಎರಡನ್ನೂ ಸ್ವಲ್ಪ ಸ್ವಲ್ಪವೋ. ಜೊತೆಗೆ ಯಾವಾಗ ಬೇಕಾದರೂ ಭಾಗಶಃ ಅಥವಾ ಪೂರ್ತಿ ಕಟ್ಟಬಹುದು. ಮಾತುಗಳು ದರ ಏರುವ ಕಾಲಕ್ಕೆ ಬರೆದವು ಅನ್ನುವುದು ಗೊತ್ತಾಗುತ್ತದೆ. ದರ ಇಳಿದಾಗ ಅವಧಿಯನ್ನೇ ಇಳಿಸಬೇಕು ಅಂತಲೂ ಇಲ್ಲ, ಕೇಳಿದವರಿಗೆ ಕಂತು ಇಳಿಸಲೇಬೇಕು ಅಂತಲೂ ಇಲ್ಲ. ಕಂತು ಹಾಗೇ ಇಡುವುದು ಬ್ಯಾಂಕಿನ ರೂಢಿ. ಕೇಳಿದರೆ ಮಾಡಿಕೊಡುವವರಿದ್ದಾರೆ, ಎಳೆದಾಡುವವರೂ ಇದ್ದಾರೆ. ನಿಮ್ಮ ಸಾಲ ಕರಾರಿನಲ್ಲಿ ಏನಿದೆ ಅನ್ನುವುದೇ ಅಲ್ಲಿ ನಿಮಗೆ ಆಧಾರ.

ಸ್ಥಿರ ದರಕ್ಕೆ ಬದಲಾಗುವ ಅವಕಾಶವನ್ನೂ ಆ ಸುತ್ತೋಲೆ ಕೊಡಿಸಿತ್ತು. 2025ರ ಅಕ್ಟೋಬರ್ 1ರಿಂದ ಅದು ಬ್ಯಾಂಕಿನ ಇಚ್ಛೆಗೆ ಬಿಟ್ಟದ್ದು, ಕಡ್ಡಾಯ ಅಲ್ಲ.

ಮಂಜು_ಹಾಸನ
ಸರಿ, ಆದೇಶ ಅಂದದ್ದು ತಪ್ಪು. ಆದರೂ ಕಂತು ಇಳಿಸಿಕೊಂಡರೆ ಲುಕ್ಸಾನೇ ಅಲ್ವಾ ಸರ್?

ಅಸಲು_ಬಡ್ಡಿ
ದರ 8.25ರಲ್ಲೇ ನಿಂತಿತು ಅಂತ ಲೆಕ್ಕ ಹಾಕೋಣ. 27,964 ಕಟ್ಟುತ್ತಾ ಹೋದರೆ ಮುಂದಿನ ಬಡ್ಡಿ ಸುಮಾರು 20.16 ಲಕ್ಷ. 25,630 ಮಾಡಿಕೊಂಡು 207 ತಿಂಗಳು ಕಟ್ಟಿದರೆ ಸುಮಾರು 24.80 ಲಕ್ಷ. ವ್ಯತ್ಯಾಸ ನಾಲ್ಕೂವರೆ ಲಕ್ಷಕ್ಕೂ ಮೇಲೆ. ಕೈಯಲ್ಲಿ ದುಡ್ಡು ಓಡಾಡುತ್ತಿದ್ದರೆ ಕಂತು ಹಾಗೇ ಇರಲಿ ಅನ್ನುತ್ತೇನೆ. ಆದರೆ ಮಗಳ ಕಾಲೇಜು ಫೀಸಿಗೆ ಇನ್ನೊಂದು ಸಾಲ ಮಾಡುವ ಸ್ಥಿತಿ ಇದ್ದರೆ, ಆ ಸಾಲದ ದರ ಸಾಮಾನ್ಯವಾಗಿ 8.25ಕ್ಕಿಂತ ಜಾಸ್ತಿ ಇರುತ್ತದೆ. ಆಗ ಇಲ್ಲಿ ಕಂತು ಇಳಿಸಿಕೊಳ್ಳುವುದೇ ಬುದ್ಧಿ. ನಡುವಿನ ದಾರಿಯೂ ಇದೆ: 26,500 ಮಾಡಿಸಿದರೆ 193 ಕಂತಿಗೆ ಮುಗಿಯುತ್ತದೆ.

ಲೆಕ್ಕದ_ಮೇಡಂ
ಇದಕ್ಕಿಂತ ಚೆನ್ನಾದದ್ದು ಒಂದಿದೆ. ಕಂತನ್ನು 25,630ಕ್ಕೆ ಇಳಿಸಿಕೊಳ್ಳಿ, ಉಳಿದ 2,334ನ್ನು ಪ್ರತಿ ತಿಂಗಳು ನೀವೇ ಅಸಲಿಗೆ ಕಟ್ಟಿ. ಲೆಕ್ಕ 27,964 ಕಟ್ಟಿದಂತೆಯೇ ಆಗುತ್ತದೆ, ಕಷ್ಟದ ತಿಂಗಳಲ್ಲಿ ಮಾತ್ರ ಬಿಡುವ ಸ್ವಾತಂತ್ರ್ಯ ನಿಮ್ಮದು. ವ್ಯಕ್ತಿಗಳ ಫ್ಲೋಟಿಂಗ್ ಗೃಹಸಾಲಕ್ಕೆ ಮುಂಗಡ ಪಾವತಿಯ ದಂಡ ಇಲ್ಲ.

ಅಸಲು_ಬಡ್ಡಿ
ಮೇಡಂ ಹೇಳಿದ್ದು ಸರಿ, ಆದರೆ ಎರಡು ಕಡೆ ಎಡವುತ್ತಾರೆ. ಕೆಲವು ಕಡೆ ಭಾಗಶಃ ಪಾವತಿಗೆ ಕನಿಷ್ಠ ಮೊತ್ತ ಇರುತ್ತದೆ, 2,334 ತೆಗೆದುಕೊಳ್ಳುವುದಿಲ್ಲ. ಆಗ ಆರು ತಿಂಗಳದ್ದು ಕೂಡಿಸಿ ಕಟ್ಟಬೇಕು. ಇನ್ನೊಂದು ಇನ್ನೂ ಕೆಟ್ಟದ್ದು: ಹೆಚ್ಚುವರಿ ದುಡ್ಡನ್ನು ಅಸಲಿಗೆ ಕಳೆಯದೆ ಮುಂದಿನ ಕಂತಿನ ಮುಂಗಡ ಅಂತ ಹಿಡಿದಿಟ್ಟಿರುತ್ತಾರೆ. ಕಟ್ಟಿದ ಮರುದಿನ ಸ್ಟೇಟ್‌ಮೆಂಟ್‌ನಲ್ಲಿ ಅಸಲು ಬಾಕಿ ಅಷ್ಟೇ ಮೊತ್ತಕ್ಕೆ ಇಳಿದಿದೆಯಾ ನೋಡಿ. ಇಳಿಯದಿದ್ದರೆ ಆ ದುಡ್ಡಿನ ಮೇಲೆ ನೀವು ಇನ್ನೂ ಬಡ್ಡಿ ಕಟ್ಟುತ್ತಿದ್ದೀರಿ.

ಶಿರಸಿ_ಕಡೆಯವಳು
ನನ್ನ ಸಾಲ ಗೃಹ ಹಣಕಾಸು ಕಂಪನಿಯದು. 9.40 ಇದ್ದದ್ದು ಇವತ್ತಿಗೂ 9.40. ಹೊಸಬರಿಗೆ ತುಂಬ ಕಡಿಮೆಗೆ ಕೊಡುತ್ತಿದ್ದಾರೆ. ಕೇಳಿದರೆ "ನಮ್ಮ ಪಿಎಲ್‌ಆರ್ ಇಳಿದಿಲ್ಲ" ಅಂತಾರೆ. ಇದು ಸರಿಯಾ?

ಲೆಕ್ಕದ_ಮೇಡಂ
ಬೇಸರದ ಸಂಗತಿ, ಆದರೆ ನಿಯಮದ ಪ್ರಕಾರ ತಪ್ಪಲ್ಲ. 2019ರ ಅಕ್ಟೋಬರ್ 1ರಿಂದ ಹೊಸ ಫ್ಲೋಟಿಂಗ್ ಗೃಹಸಾಲವನ್ನು ರೆಪೊ ತರಹದ ಹೊರಗಿನ ಮಾನದಂಡಕ್ಕೆ ಕಟ್ಟಬೇಕು ಅನ್ನುವ ನಿಯಮ ಬ್ಯಾಂಕುಗಳಿಗೆ. ಹಣಕಾಸು ಕಂಪನಿಗಳು ಪಿಎಲ್‌ಆರ್ ಅನ್ನುವ ತಮ್ಮದೇ ಮೂಲ ದರ ಇಟ್ಟುಕೊಳ್ಳಬಹುದು. ಶುಲ್ಕ ಕಟ್ಟಿಸಿಕೊಂಡು ದರ ಇಳಿಸುವ "ಕನ್ವರ್ಷನ್" ಇದೆಯಾ ಅಂತ ಲಿಖಿತವಾಗಿ ಕೇಳಿ. ಜೊತೆಗೆ ಬ್ಯಾಂಕಿಗೆ ವರ್ಗಾಯಿಸಿದರೆ ಆಗುವ ಖರ್ಚನ್ನೂ ಬರೆದುಕೊಳ್ಳಿ: ಪ್ರೊಸೆಸಿಂಗ್, ವಕೀಲರ ವರದಿ, ಮೌಲ್ಯಮಾಪನ, ಮನೆಪತ್ರ ಅಡವಿಡುವ ಎಂಒಡಿ. ಈ ಒಟ್ಟು ಮೊತ್ತವನ್ನು ತಿಂಗಳ ಉಳಿತಾಯದಿಂದ ಭಾಗಿಸಿ. ಎಷ್ಟು ತಿಂಗಳಲ್ಲಿ ಖರ್ಚು ಹುಟ್ಟುತ್ತದೆ ಅಂತ ತಿಳಿಯುತ್ತದೆ.

ಕೋಲಾರ_ಪಿಂಚಣಿ
ಅವಧಿ ಕಡಿಮೆಯಾಗುವುದು ನಿಮ್ಮ ಪುಣ್ಯ. 2021ರ ಕೊನೆಗೆ 7.00ರಲ್ಲಿ 30 ಲಕ್ಷ ತೆಗೆದುಕೊಂಡವರ ಕಥೆ ಉಲ್ಟಾ. 20 ವರ್ಷ ಅಂದಿದ್ದು 30 ದಾಟಿದೆ, ನಿವೃತ್ತಿ ಆದಮೇಲೂ ಕಂತು.

ಅಸಲು_ಬಡ್ಡಿ
ಅಲ್ಲಿ ಏನಾಗುತ್ತದೆ ಅಂತ ಒಂದೇ ತಿಂಗಳಲ್ಲಿ ನೋಡಬಹುದು. 30 ಲಕ್ಷ, 7.00, 240 ತಿಂಗಳಿಗೆ ಕಂತು 23,259. ಅಸಲು ಬಾಕಿ 29,40,000 ಇರುವಾಗ ದರ 9.50 ಆದರೆ ಆ ತಿಂಗಳ ಬಡ್ಡಿಯೇ 23,275. ಕಂತು ಪೂರ್ತಿ ಬಡ್ಡಿಗೆ ಹೋಗಿ ಇನ್ನೂ 16 ರೂಪಾಯಿ ಸಾಲಕ್ಕೇ ಸೇರುತ್ತದೆ. ಅವಧಿ ಎಷ್ಟು ಎಳೆದರೂ ಆ ಸಾಲ ತೀರುವುದಿಲ್ಲ. ಹೀಗೆ ಆಗಲು ಬಿಡಬಾರದು ಅಂತ ಅದೇ ಸುತ್ತೋಲೆಯಲ್ಲಿದೆ, ಆ ಹಂತದಲ್ಲಿ ಕಂತು ಏರಿಸಲೇಬೇಕು. ನಿಮ್ಮ ಸಂದರ್ಭದಲ್ಲಿ ಈಗ ದರ ಇಳಿದಿರುವುದರಿಂದ ಹೊಸ ಮರುಪಾವತಿ ಪಟ್ಟಿ ಕೇಳಿ ತೆಗೆದುಕೊಳ್ಳಿ. ಕೊನೆಯ ಕಂತಿನ ತಾರೀಖು ನಿವೃತ್ತಿಗಿಂತ ಹಿಂದೆ ಬರಲು ಎಷ್ಟು ಕಂತು ಬೇಕು ಅನ್ನುವುದನ್ನು ಮೇಲಿನ `PMT`ಯಲ್ಲೇ ನಿಮ್ಮ ದರ, ತಿಂಗಳ ಸಂಖ್ಯೆ, ಅಸಲು ಬಾಕಿ ಹಾಕಿ ನೋಡಬಹುದು. ಕಂತು ಏರಿಸುವಾಗ ಒಂದು ಎಚ್ಚರ: ಬೇರೆ ಬ್ಯಾಂಕಿನ ಖಾತೆಯಿಂದ, ಕಂತು ತಾನಾಗಿ ಕಡಿತವಾಗಲು ಕೊಟ್ಟ ಮ್ಯಾಂಡೇಟ್ ಮೂಲಕ ಹೋಗುತ್ತಿದ್ದರೆ ಆ ಮ್ಯಾಂಡೇಟ್‌ನ ಗರಿಷ್ಠ ಮೊತ್ತ ನೋಡಿ. ಹೊಸ ಕಂತು ಅದಕ್ಕಿಂತ ಹೆಚ್ಚಿದ್ದರೆ ಖಾತೆಯಲ್ಲಿ ದುಡ್ಡಿದ್ದರೂ ಕಂತು ಬೌನ್ಸ್ ಆಗುತ್ತದೆ.

ತುಮಕೂರು_ಹೊಸಮನೆ
ಬಹಳ ಉಪಕಾರ. ಕಂತು 26,500 ಮಾಡಿಸಬೇಕು ಅಂತಿದ್ದೇನೆ. ಅರ್ಜಿಯಲ್ಲಿ ಏನು ಬರೆಯಲಿ?

ಅಸಲು_ಬಡ್ಡಿ
ಸಾಲ ಖಾತೆ ಸಂಖ್ಯೆ, ಈಗಿನ ಅಸಲು ಬಾಕಿ, ದರ 8.25. "ಕಂತು 26,500 ಮಾಡಿ, ಅವಧಿಯನ್ನು ಅದಕ್ಕೆ ತಕ್ಕಂತೆ ಹೊಂದಿಸಿ, ಹೊಸ ಮರುಪಾವತಿ ಪಟ್ಟಿ ಕೊಡಿ, ಶುಲ್ಕ ಇದ್ದರೆ ಮೊದಲೇ ಲಿಖಿತವಾಗಿ ತಿಳಿಸಿ." ಇಷ್ಟು ಸಾಕು. ಎರಡು ಪ್ರತಿ ಮಾಡಿ, ಒಂದಕ್ಕೆ ಸೀಲು ಹಾಕಿಸಿಕೊಳ್ಳಿ. ಪ್ರತಿ ತ್ರೈಮಾಸಿಕ ಬರಬೇಕಾದ ಸ್ಟೇಟ್‌ಮೆಂಟ್ ಬಂದಿಲ್ಲದಿದ್ದರೆ ಅದನ್ನೂ ಅಲ್ಲೇ ಕೇಳಿ. ಈವರೆಗೆ ಕಟ್ಟಿದ ಅಸಲು ಮತ್ತು ಬಡ್ಡಿ, ಕಂತು, ಉಳಿದ ಕಂತುಗಳು, ದರ ಅದರಲ್ಲಿರಬೇಕು. 30 ದಿನದಲ್ಲಿ ಉತ್ತರ ಬರದಿದ್ದರೆ cms.rbi.org.in ನಲ್ಲಿ ಒಂಬುಡ್ಸ್‌ಮನ್‌ಗೆ ದೂರು ಹಾಕಬಹುದು, ಸೀಲಿನ ಪ್ರತಿ ಅಲ್ಲಿ ಬೇಕಾಗುತ್ತದೆ.

ಹೋದಾಗ ಸ್ಪ್ರೆಡ್ ಬಗ್ಗೆಯೂ ಕೇಳಿ. ನಿಮ್ಮದು 3.00, ಹೊಸಬರಿಗೆ ಅದಕ್ಕಿಂತ ಕಡಿಮೆ ಇರಬಹುದು. ಹಳೆಯ ಗ್ರಾಹಕರನ್ನು ಉಳಿಸಿಕೊಳ್ಳಲು ಮೂರು ವರ್ಷ ಕಾಯದೆ ಸ್ಪ್ರೆಡ್ ಇಳಿಸಬಹುದು ಅಂತ 2025ರ ಅಕ್ಟೋಬರ್‌ನಿಂದ ಬ್ಯಾಂಕುಗಳಿಗೆ ಅವಕಾಶ ಕೊಟ್ಟಿದ್ದಾರೆ. ಇಳಿಸಲೇಬೇಕು ಅಂತಿಲ್ಲ.

ತುಮಕೂರು_ಹೊಸಮನೆ
ಹೋಗಿ ಬಂದೆ. ಅರ್ಜಿ ತೆಗೆದುಕೊಂಡು ಸೀಲು ಹಾಕಿಕೊಟ್ಟರು. 26,500 ಏಪ್ರಿಲ್ 1ರ ರೀಸೆಟ್‌ನಿಂದ ಮಾತ್ರ ಆಗುತ್ತದಂತೆ, ಈಗಲೇ ಆಗುವುದಿಲ್ಲವಂತೆ. ಸ್ಪ್ರೆಡ್ ವಿಷಯ ವಲಯ ಕಚೇರಿಗೆ ಬರೆಯುತ್ತೇವೆ ಅಂದರು. ಶುಲ್ಕ ಎಷ್ಟು ಅಂತ ಅವರಿಗೂ ಸ್ಪಷ್ಟ ಇಲ್ಲ.

ಲೆಕ್ಕದ_ಮೇಡಂ
ರೀಸೆಟ್ ತನಕ ಕಾಯಬೇಕು ಅನ್ನುವುದು ಕರಾರಿನಲ್ಲಿದೆಯಾ, ಅವರ ಸಾಫ್ಟ್‌ವೇರ್‌ನ ಅನುಕೂಲವಾ? ಕರಾರಿನ ಆ ಪುಟದ ಫೋಟೊ ಖಾತೆ ಸಂಖ್ಯೆ ಮುಚ್ಚಿ ಇಲ್ಲಿ ಹಾಕಿ, ನೋಡೋಣ.